ಬಾಕಿ ಬಿಲ್ಲು, ಬಾರದ ಉತ್ತರ: ನೆನಪೋಲೆ ನಿಲ್ಲಿಸುವುದು ಯಾವಾಗ?

(ಸಣ್ಣ ಕೈಗಾರಿಕೆ ನಡೆಸುವವರು ಮತ್ತು ಸ್ವತಂತ್ರವಾಗಿ ಸೇವೆ ಒದಗಿಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಕೆಲಸ ಮುಗಿಸಿ ಬಿಲ್ಲು ಕೊಟ್ಟಿದ್ದೀರಿ. ಹಣ ಬರಬೇಕಾದ ದಿನ ಕಳೆದಿದೆ. ಒಂದು ವಾಟ್ಸ್ಆ್ಯಪ್ ಹಾಕಿದಿರಿ, ಉತ್ತರವಿಲ್ಲ. ಇನ್ನೊಂದು ಹಾಕಿದಿರಿ, ಅದಕ್ಕೂ ಇಲ್ಲ. ಆರನೆಯದನ್ನು ಬರೆಯಬೇಕೋ ಬೇಡವೋ ಎಂದು ಮೊಬೈಲ್ ಹಿಡಿದು ಕೂತಿದ್ದೀರಿ. ಇವತ್ತಿನ ಮಾತು ಈ ಒಂದು ಸನ್ನಿವೇಶದ ಬಗ್ಗೆ ಮಾತ್ರ. ಕೊಟೇಶನ್ ಕಳಿಸಿ ಕಾಯುವವರ ಕಥೆ ಬೇರೆ, ಕೆಲಸ ಹುಡುಕುವವರ ಕಥೆ ಬೇರೆ. ಅಲ್ಲಿ ಎದುರಿನವರು ನಿಮಗೆ ಏನೂ ಕೊಡಬೇಕಾಗಿರುವುದಿಲ್ಲ. ಇಲ್ಲಿ ಹಣ ಕೊಡಬೇಕಾದವರೇ ಸುಮ್ಮನಿದ್ದಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೈಬಿಡುವ ದಿನವನ್ನು ಬೇಸರ ಬಂದ ಮೇಲೆ ತೀರ್ಮಾನಿಸಬಾರದು, ಬಿಲ್ಲು ಬರೆಯುವ ದಿನವೇ ಡೈರಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಗಡುವು ಮೀರಿದ ಮೇಲೆ ನಾಲ್ಕು ಸಂದೇಶ ಸಾಕು. ಐದನೆಯದರಿಂದ ಹಣ ಬರುವುದಿಲ್ಲ, ನಿಮ್ಮ ಸಂದೇಶಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ ಎಂಬ ಅಭ್ಯಾಸ ಮಾತ್ರ ಅವರಿಗೆ ಆಗುತ್ತದೆ. ಇನ್ನು ಮೌನದ ಅರ್ಥ ಹುಡುಕಬೇಕಾದದ್ದು ಆ ಮನುಷ್ಯನ ಮನಸ್ಸಿನಲ್ಲಲ್ಲ. ನಿಮ್ಮ ಬಿಲ್ಲು ಅವರ ಕಚೇರಿಯ ಯಾವ ಮೇಜಿನ ಮೇಲೆ ನಿಂತಿದೆ ಎಂಬುದರಲ್ಲಿ. ಅದನ್ನು ಹೊರಗೆ ನಿಂತೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಪೀಣ್ಯದಲ್ಲಿ ಒಬ್ಬರೇ ಮಾಲೀಕರಿರುವ ಒಂದು ಸಣ್ಣ ಘಟಕ, ಉದ್ಯಮ್ ನೋಂದಣಿ ಇದೆ. ಒಂದು ಕಾರ್ಖಾನೆಯ ಹಳೆಯ ಯಂತ್ರದ ಕಂಟ್ರೋಲ್ ಪ್ಯಾನೆಲ್‌ಗೆ ಹೊಸದಾಗಿ ವೈರಿಂಗ್ ಮಾಡಿಕೊಟ್ಟಿದೆ. ಜೂನ್ 5ಕ್ಕೆ ಕೆಲಸ ಮುಗಿದು ಯಂತ್ರ ಓಡಿದೆ, ಅಂದೇ ಬಿಲ್ಲು ಹೋಗಿದೆ. ಕೂಲಿ 1,00,000 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 1,18,000. ಕಾರ್ಖಾನೆಯವರು ಶೇ. 1ರಂತೆ 1,000 ರೂಪಾಯಿ ಟಿಡಿಎಸ್ ಹಿಡಿಯುತ್ತಾರೆ, ಕೈಗೆ ಬರಬೇಕಾದದ್ದು 1,17,000. ಪರ್ಚೇಸ್ ಆರ್ಡರ್‌ನಲ್ಲಿ 30 ದಿನದ ಸಾಲ ಎಂದಿದೆ, ಅಂದರೆ ಗಡುವು ಜುಲೈ 5. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಜುಲೈ 20ರೊಳಗೆ ಆ 18,000 ರೂಪಾಯಿ ಜಿಎಸ್‌ಟಿಯನ್ನು ನೀವು ಸರ್ಕಾರಕ್ಕೆ ಕಟ್ಟಬೇಕು, ಹಣ ಬಂದಿರಲಿ ಬಿಡಲಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೊದಲ ಹದಿನೈದು ದಿನದ ಮೌನ ನಿಮ್ಮ ಪರ

ಎಲ್ಲ ಮೌನವೂ ಕೆಟ್ಟದ್ದಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯಲ್ಲಿ ಒಂದು ಮಾತಿದೆ: ಸರಕು ತಲುಪಿದ ಅಥವಾ ಸೇವೆ ಒದಗಿಸಿದ 15 ದಿನದೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ ಅವರು ಅದನ್ನು ಒಪ್ಪಿಕೊಂಡಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಗಾದೆ ಇಲ್ಲಿ ಕಾನೂನೇ ಆಗಿದೆ. ನಮ್ಮ ಉದಾಹರಣೆಯಲ್ಲಿ ಜೂನ್ 20 ದಾಟಿತು, ಆಕ್ಷೇಪದ ಪತ್ರ ಬರಲಿಲ್ಲ ಎಂದರೆ ನಿಮ್ಮ ಕೆಲಸ ಒಪ್ಪಿತವಾಯಿತು. ಎರಡು ತಿಂಗಳ ನಂತರ ದುಡ್ಡು ಕೇಳಿದಾಗ "ವೈರಿಂಗ್ ಸರಿ ಇರಲಿಲ್ಲ" ಎಂಬ ರಾಗ ಬಂದರೆ ಈ ದಿನಾಂಕ ನಿಮ್ಮ ಕೈಹಿಡಿಯುತ್ತದೆ.

ಆದರೆ ಜೂನ್ 5ರಂದು ಕೆಲಸ ಮುಗಿಯಿತು ಎಂಬುದಕ್ಕೆ ಕಾಗದ ಬೇಕು. ಅಂದೇ ಶಾಪ್ ಫ್ಲೋರ್‌ನ ಸೂಪರ್‌ವೈಸರ್ ಹತ್ತಿರ ಸರ್ವಿಸ್ ರಿಪೋರ್ಟ್‌ಗೆ ಹೆಸರು, ತಾರೀಖು ಸಮೇತ ಸಹಿ, ಸೀಲು ಹಾಕಿಸಿಕೊಳ್ಳಿ. "ಆಮೇಲೆ ಹಾಕ್ತೀವಿ ಬಿಡಿ" ಎಂದವರು ಆಮೇಲೆ ಹಾಕುವುದು ಅಪರೂಪ. ಸಹಿ ಸಿಗದೇ ಹೋದರೆ ಅದೇ ಸಂಜೆ ಇಮೇಲ್ ಮಾಡಿ: ಇಂದು ಕೆಲಸ ಮುಗಿದಿದೆ, ಇಂಥವರ ಎದುರು ಯಂತ್ರ ಓಡಿಸಿ ತೋರಿಸಿದ್ದೇವೆ.

ಈ ಕಾಯ್ದೆಯ ಇನ್ನೊಂದು ಮಾತೂ ತಿಳಿದಿರಲಿ. ಒಪ್ಪಂದದಲ್ಲಿ 60 ದಿನ, 90 ದಿನ ಎಂದು ಬರೆಸಿಕೊಂಡಿದ್ದರೂ ಕೆಲಸ ಒಪ್ಪಿತವಾದ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಇದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ, ಅಂದರೆ ತಯಾರಿಕೆ ಅಥವಾ ಸೇವೆ ಮಾಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ನೋಂದಣಿ ಕೆಲಸ ಹಿಡಿಯುವುದಕ್ಕೆ ಮುಂಚೆಯೇ ಆಗಿರಲಿ, ಆ ಸಂಖ್ಯೆ ಬಿಲ್ಲಿನ ಮೇಲೂ ಇರಲಿ. ಜಗಳ ಶುರುವಾದ ಮೇಲೆ ನೋಂದಾಯಿಸಿದರೆ ಹಳೆಯ ಬಿಲ್ಲಿಗೆ ಅದು ಅನ್ವಯಿಸುತ್ತದೆಯೇ ಎಂಬುದೇ ಇನ್ನೊಂದು ವ್ಯಾಜ್ಯವಾಗುತ್ತದೆ.

ಬಿಲ್ಲು ಎಲ್ಲಿ ನಿಲ್ಲುತ್ತದೆ

ನಿಮಗೆ ಕೆಲಸ ಕೊಟ್ಟವರು ಮೇಂಟೆನೆನ್ಸ್ ಮ್ಯಾನೇಜರ್. ನೀವು ಮೆಸೇಜ್ ಹಾಕುತ್ತಿರುವುದೂ ಅವರಿಗೇ. ಹಣ ಬಿಡುಗಡೆ ಮಾಡುವುದು ಅಕೌಂಟ್ಸ್. ಮ್ಯಾನೇಜರಿಗೆ ಯಂತ್ರ ಓಡಿದ ದಿನವೇ ನಿಮ್ಮ ವಿಷಯ ಮುಗಿದಿದೆ. ಅವರ ಹತ್ತಿರ ಉತ್ತರವಿಲ್ಲ, ಉತ್ತರವಿಲ್ಲ ಎಂದು ಬರೆಯಲು ಸಂಕೋಚ, ಹಾಗಾಗಿ ಸುಮ್ಮನಿರುತ್ತಾರೆ. ಬಾಕಿ ಬಿಲ್ಲಿನ ಮೌನದಲ್ಲಿ ದೊಡ್ಡ ಪಾಲು ಇಂಥದ್ದೇ, ಇದರಲ್ಲಿ ದುರುದ್ದೇಶ ಇರುವುದಿಲ್ಲ.

ಅಕೌಂಟ್ಸ್‌ನಲ್ಲಿ ಮೂರು ಕಾಗದ ಹೊಂದಬೇಕು: ಪರ್ಚೇಸ್ ಆರ್ಡರ್, ಕೆಲಸ ಅಥವಾ ಸರಕು ತಲುಪಿದೆ ಎಂದು ಅವರ ಸ್ಟೋರ್ಸ್‌ನವರೋ ಆಯಾ ವಿಭಾಗದವರೋ ಮಾಡಿದ ಎಂಟ್ರಿ, ನಿಮ್ಮ ಬಿಲ್ಲು. ಒಂದು ಹೊಂದದಿದ್ದರೂ ಬಿಲ್ಲು ಪಕ್ಕಕ್ಕೆ ಹೋಗುತ್ತದೆ, ಅದನ್ನು ನಿಮಗೆ ತಿಳಿಸುವುದು ಅಲ್ಲಿ ಯಾರೊಬ್ಬರ ಕೆಲಸವೂ ಅಲ್ಲ. ಬಿಲ್ಲಿನ ಮೇಲೆ ಆರ್ಡರ್ ಸಂಖ್ಯೆ ಇಲ್ಲ, ಆರ್ಡರ್‌ನಲ್ಲಿ 95,000 ಇದ್ದು ಬಿಲ್ಲಿನಲ್ಲಿ 1,00,000 ಇದೆ, ಅವರ ಜಿಎಸ್‌ಟಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದೆ, ನಿಮ್ಮ ಬ್ಯಾಂಕ್ ಖಾತೆ ಅವರ ವೆಂಡರ್ ಪಟ್ಟಿಗೆ ಸೇರಿಲ್ಲ. ಹೆಚ್ಚಾಗಿ ಕಾಣುವ ಕಾರಣಗಳು ಇವು. ಜಿಎಸ್‌ಟಿ ಸಂಖ್ಯೆ ತಪ್ಪಿದ್ದರೆ ಅವರ ತೆರಿಗೆ ಕ್ರೆಡಿಟ್‌ನಲ್ಲಿ ನಿಮ್ಮ ಬಿಲ್ಲು ಕಾಣುವುದೇ ಇಲ್ಲ. ಕ್ರೆಡಿಟ್ ಕಾಣದೆ ದುಡ್ಡು ಬಿಡಬಾರದು ಎಂಬ ನಿಯಮ ಇಟ್ಟುಕೊಂಡಿರುವ ಕಂಪನಿಗಳು ಈಗ ಬಹಳ.

ಆದ್ದರಿಂದ ಮೊದಲ ಸಂದೇಶ ಗಡುವಿಗೆ ಮೊದಲೇ, ಬಿಲ್ಲು ಕೊಟ್ಟ ನಾಲ್ಕೈದು ದಿನಕ್ಕೆ ಅಕೌಂಟ್ಸ್‌ಗೆ ಹೋಗಬೇಕು. ಇದು ನೆನಪೋಲೆಗಳ ಲೆಕ್ಕಕ್ಕೆ ಬರುವುದಿಲ್ಲ. ಕೇಳಬೇಕಾದದ್ದು ಎರಡೇ: ಬಿಲ್ಲು ಬುಕ್ ಆಗಿದೆಯೇ, ನಿಮ್ಮಲ್ಲಿ ಪೇಮೆಂಟ್ ಮಾಡುವ ದಿನ ಯಾವುದು? ಅನೇಕ ಕಂಪನಿಗಳು ತಿಂಗಳಿಗೆ ಎರಡು ನಿಗದಿತ ದಿನ ಮಾತ್ರ ಹಣ ಬಿಡುತ್ತವೆ. 10 ಮತ್ತು 25 ಎಂದು ತಿಳಿದರೆ 12ನೇ ತಾರೀಖಿನ ಮೌನಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಾಲ್ಕು ಸಂದೇಶ, ನಾಲ್ಕೂ ಬೇರೆ ಬೇರೆ

ಜುಲೈ 5 ದಾಟಿತು, ಹಣ ಬರಲಿಲ್ಲ. ಸಾಮಾನ್ಯವಾಗಿ ಹೋಗುವ ಸಂದೇಶ ಹೀಗಿರುತ್ತದೆ: "ಗುಡ್ ಮಾರ್ನಿಂಗ್ ಸರ್, ಪೇಮೆಂಟ್ ಬಗ್ಗೆ ಸ್ವಲ್ಪ ನೋಡಿ ಸರ್." ಇದರಲ್ಲಿ ಪ್ರಶ್ನೆಯೇ ಇಲ್ಲ. ಓದಿದವರಿಗೆ ಏನು ಉತ್ತರಿಸಬೇಕೆಂದು ತಿಳಿಯುವುದಿಲ್ಲ, ಯಾವ ಬಿಲ್ಲು, ಎಷ್ಟು ಎಂದು ಹುಡುಕಬೇಕು. ಹುಡುಕುವ ಬದಲು ಮುಂದಕ್ಕೆ ಸರಿಸುತ್ತಾರೆ. ಇಂಥ ಹತ್ತು ಸಂದೇಶಕ್ಕೆ ಉತ್ತರ ಬರದಿದ್ದರೆ ಆ ಮೌನದಿಂದ ಏನನ್ನೂ ಓದಲಾಗದು, ಏಕೆಂದರೆ ನೀವು ಏನನ್ನೂ ಕೇಳಿಲ್ಲ.

ಮೊದಲನೆಯದು ಜುಲೈ 8ಕ್ಕೆ ಹೋಗಲಿ, ಅಕೌಂಟ್ಸ್‌ಗೆ:

"ನಮಸ್ಕಾರ. ಜೂನ್ 5ರ ಬಿಲ್ಲು, ಪ್ಯಾನೆಲ್ ವೈರಿಂಗ್ ಕೆಲಸದ್ದು. ಟಿಡಿಎಸ್ ಕಳೆದು ಬರಬೇಕಾದ ಮೊತ್ತ 1,17,000. ಗಡುವು ಜುಲೈ 5. ಬಿಲ್ಲು, ಆರ್ಡರ್, ಸಹಿ ಆದ ಸರ್ವಿಸ್ ರಿಪೋರ್ಟ್ ಜೊತೆಗಿವೆ. ಬಿಲ್ಲು ಬುಕ್ ಆಗಿದೆಯೇ, ಅಥವಾ ಯಾವುದಾದರೂ ಕಾಗದ ಬೇಕೇ ಎಂದು ತಿಳಿಸಿ."

ಎರಡನೆಯದು ಜುಲೈ 15ಕ್ಕೆ. ಮೊದಲಿನದನ್ನೇ ಮತ್ತೆ ಕಳಿಸಬೇಡಿ. ಏಪ್ರಿಲ್ 1ರಿಂದ ಈವರೆಗಿನ ಅವರ ಖಾತೆಯ ಲೆಕ್ಕ, ಅಂದರೆ ಲೆಡ್ಜರ್, ಲಗತ್ತಿಸಿ ಒಂದೇ ಸಾಲು ಕೇಳಿ: "ನಮ್ಮ ಲೆಕ್ಕದಲ್ಲಿ 1,17,000 ಬಾಕಿ ಇದೆ. ನಿಮ್ಮ ಲೆಕ್ಕದಲ್ಲೂ ಇಷ್ಟೇ ಇದೆಯೇ?" ದುಡ್ಡು ಕೊಡಿ ಎಂದರೆ ಅಕೌಂಟೆಂಟ್‌ಗೆ ಮೇಲಿನವರ ಒಪ್ಪಿಗೆ ಬೇಕು, ಲೆಕ್ಕ ತಾಳೆ ನೋಡಿ ಎಂದರೆ ಅವರೇ ಉತ್ತರಿಸಬಹುದು. "ಹೌದು, ತಾಳೆಯಾಗಿದೆ" ಎಂಬ ಒಂದು ಇಮೇಲ್‌ನ ಬೆಲೆ ಏನೆಂದು ಮುಂದೆ ಹೇಳುತ್ತೇವೆ.

ಮೂರನೆಯದು ಜುಲೈ 24ಕ್ಕೆ, ಬೇರೆ ವ್ಯಕ್ತಿಗೆ, ಬೇರೆ ದಾರಿಯಲ್ಲಿ. ವಾಟ್ಸ್ಆ್ಯಪ್ ಆಗಿದ್ದರೆ ಈಗ ಇಮೇಲ್, ಪರ್ಚೇಸ್ ಮುಖ್ಯಸ್ಥರನ್ನೂ ಸೇರಿಸಿ. ಜೊತೆಗೆ ಕಚೇರಿಯ ಸ್ಥಿರ ದೂರವಾಣಿಗೆ ಒಂದು ಕರೆ. ನಿಮ್ಮ ಸಂದೇಶ ಪಡೆಯುತ್ತಿದ್ದವರು ಕೆಲಸ ಬಿಟ್ಟು ಒಂದು ತಿಂಗಳಾಗಿದೆ ಎಂಬುದು ಎಷ್ಟೋ ಸಲ ಈ ಕರೆಯಲ್ಲೇ ಗೊತ್ತಾಗುವುದು.

ತಾರೀಖುಗಳ ಬಗ್ಗೆ ಒಂದು ಮಾತು. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ ಕಟ್ಟುವ ಗಡುವು, 11ಕ್ಕೆ ಮತ್ತು 20ಕ್ಕೆ ಜಿಎಸ್‌ಟಿ ರಿಟರ್ನ್‌ಗಳ ಗಡುವು. ಆ ದಿನಗಳಲ್ಲಿ ಮತ್ತು ಅದರ ಹಿಂದಿನ ದಿನ ಅಕೌಂಟ್ಸ್‌ನಲ್ಲಿ ಯಾರೂ ತಲೆ ಎತ್ತುವುದಿಲ್ಲ. ಅಂದು ಹಾಕಿದ ಸಂದೇಶದ ಮೌನಕ್ಕೆ ಕ್ಯಾಲೆಂಡರ್ ಬಿಟ್ಟು ಬೇರೆ ಅರ್ಥವಿಲ್ಲ.

ನಾಲ್ಕನೆಯದನ್ನು ಈಗಲೇ ಕಳಿಸಬೇಡಿ. ಅದಕ್ಕೆ ಮೊದಲು ಮೌನವನ್ನು ಓದುವ ಕೆಲಸವಿದೆ.

ಹೊರಗಿನಿಂದ ಓದುವುದು

ವಾಟ್ಸ್ಆ್ಯಪ್ ಗುರುತುಗಳ ವಿಷಯ ಬೇಗ ಮುಗಿಸೋಣ. ಒಂದು ಬೂದು ಟಿಕ್ ಎಂದರೆ ಸಂದೇಶ ಅವರ ಫೋನಿಗೆ ತಲುಪಿಲ್ಲ. ದಿನಗಟ್ಟಲೆ ಹಾಗೇ ಇದ್ದರೆ ಫೋನ್ ಆಫ್ ಆಗಿರಬಹುದು, ನಂಬರ್ ಬದಲಾಗಿರಬಹುದು, ನಿಮ್ಮನ್ನು ಬ್ಲಾಕ್ ಮಾಡಿರಬಹುದು, ಮೂರರಲ್ಲಿ ಯಾವುದೆಂದು ಟಿಕ್ ಹೇಳುವುದಿಲ್ಲ. ಎರಡು ಬೂದು ಟಿಕ್ ಎಂದರೆ ತಲುಪಿದೆ, ಓದಿಲ್ಲ ಎಂದೇನೂ ಅಲ್ಲ. ಓದಿದ ಗುರುತನ್ನು ಅವರು ಆಫ್ ಮಾಡಿಟ್ಟಿರಬಹುದು. ನೀಲಿ ಟಿಕ್ ಎಂದರೆ ಚಾಟ್ ತೆರೆದಿದ್ದಾರೆ, ಅಷ್ಟೆ. ಇದಕ್ಕಿಂತ ಹೆಚ್ಚನ್ನು ಟಿಕ್‌ಗಳಿಂದ ಹಿಂಡಲು ಹೋಗಬೇಡಿ.

ನಿಜವಾಗಿ ಹೇಳುವ ಜಾಗಗಳು ಎರಡಿವೆ, ಎರಡಕ್ಕೂ ಖರ್ಚಿಲ್ಲ.

ಒಂದು, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮದೇ 26ಎಎಸ್, ಅಂದರೆ ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ಟಿಡಿಎಸ್ ಹಿಡಿದಿದ್ದಾರೆ ಎಂಬ ಪಟ್ಟಿ. ಹಣ ಕೊಟ್ಟಾಗ ಮಾತ್ರ ಟಿಡಿಎಸ್ ಹಿಡಿಯುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಖಾತೆಗೆ ಬಿಲ್ಲನ್ನು ಜಮೆ ಬರೆದ ದಿನ, ಅಥವಾ ಹಣ ಕೊಟ್ಟ ದಿನ, ಯಾವುದು ಮೊದಲೋ ಅಂದು ಹಿಡಿಯಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ರಿಟರ್ನ್ ಸಲ್ಲಿಸಲು ಅವರಿಗೆ ಜುಲೈ 31 ಕೊನೆಯ ದಿನ. ಅದಾದ ಒಂದೆರಡು ವಾರಕ್ಕೆ, ಆಗಸ್ಟ್ 10ರ ಹೊತ್ತಿಗೆ, ನಿಮ್ಮ 26ಎಎಸ್ ತೆರೆದು ನೋಡಿ. ಆ ಕಂಪನಿಯ ಹೆಸರಿನ ಎದುರು 1,00,000 ಮೊತ್ತ, 1,000 ತೆರಿಗೆ ಕಂಡರೆ ದೊಡ್ಡ ಸುದ್ದಿ ಸಿಕ್ಕಿತು: ನಿಮ್ಮ ಬಿಲ್ಲು ಅವರ ಪುಸ್ತಕದಲ್ಲಿ ಬುಕ್ ಆಗಿದೆ, ಮೊತ್ತದ ಬಗ್ಗೆ ತಕರಾರಿಲ್ಲ. ಇನ್ನು ಉಳಿದದ್ದು ದುಡ್ಡು ಬಿಡುವ ಪ್ರಶ್ನೆ ಮಾತ್ರ. ಅಂದರೆ ಈ ಮೌನ ಹಣದ ಅಡಚಣೆಯದ್ದು, ಅಥವಾ ಸಣ್ಣವರನ್ನು ಕೊನೆಗಿಟ್ಟರೆ ಆಯಿತು ಎಂಬ ಧೋರಣೆಯದ್ದು.

ಕಾಣಲಿಲ್ಲ ಎಂದರೆ? ಬಿಲ್ಲು ಇನ್ನೂ ಬುಕ್ ಆಗಿಲ್ಲದಿರಬಹುದು, ಆಗ ಕಾಗದದ ಸಮಸ್ಯೆ, ಇನ್ನೊಮ್ಮೆ ಅಕೌಂಟ್ಸ್ ಕಡೆ ಹೋಗಬೇಕು. ತಡವಾಗಿ ಬುಕ್ ಆಗಿ ಮುಂದಿನ ತ್ರೈಮಾಸಿಕಕ್ಕೆ ಹೋಗಿರಬಹುದು. ಬಿಲ್ಲಿನ ಮೊತ್ತ ಸಣ್ಣದಿದ್ದು ಟಿಡಿಎಸ್ ಮಿತಿಗೇ ಬಾರದಿರಬಹುದು, ಅಂಥ ಕೆಲಸಕ್ಕೆ ಒಂದು ಬಿಲ್ಲಿಗೆ 30,000 ಅಥವಾ ವರ್ಷಕ್ಕೆ ಒಟ್ಟು 1,00,000 ದಾಟಬೇಕು. ಅಥವಾ ಅವರು ತೆರಿಗೆಯನ್ನೇ ಕಟ್ಟದೆ ಕೂತಿರಬಹುದು, ಇದು ಕೆಟ್ಟ ಲಕ್ಷಣ. ಯಾವುದೆಂದು ತಿಳಿಯಲು ಎರಡನೆಯ ಜಾಗಕ್ಕೆ ಹೋಗಬೇಕು.

ಅದು ಜಿಎಸ್‌ಟಿ ಪೋರ್ಟಲ್. ಲಾಗಿನ್ ಇಲ್ಲದೆಯೇ Search Taxpayer ಎಂಬಲ್ಲಿ ಅವರ ಜಿಎಸ್‌ಟಿ ಸಂಖ್ಯೆ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೋ, ಅಮಾನತಾಗಿದೆಯೋ, ರದ್ದಾಗಿದೆಯೋ ತೋರಿಸುತ್ತದೆ. ಅದರ ಕೆಳಗೆ ಅವರು ಯಾವ ತಿಂಗಳ ರಿಟರ್ನ್ ಯಾವ ದಿನ ಸಲ್ಲಿಸಿದರು ಎಂಬ ಪಟ್ಟಿ. ಇದನ್ನು ನಿಧಾನವಾಗಿ ಓದಿ. ಪ್ರತಿ ತಿಂಗಳು 19, 20ಕ್ಕೆ GSTR-3B ಸಲ್ಲಿಸುತ್ತಿದ್ದವರು ಮಾರ್ಚ್‌ನದನ್ನು ಒಂದು ತಿಂಗಳು ತಡವಾಗಿ, ಏಪ್ರಿಲ್‌ನದನ್ನು ಎರಡು ತಿಂಗಳು ತಡವಾಗಿ ಸಲ್ಲಿಸಿದ್ದಾರೆ, ಮೇ ತಿಂಗಳದ್ದು ಇನ್ನೂ ಇಲ್ಲ ಎಂದರೆ ಅಲ್ಲಿ ತೆರಿಗೆ ಕಟ್ಟಲೂ ಹಣವಿಲ್ಲ. ಅಂಥ ಕಡೆ ನಿಮ್ಮ ಸರದಿ ತಾನಾಗಿ ಬರುವುದಿಲ್ಲ. ರಿಟರ್ನ್‌ಗಳೆಲ್ಲ ಗಡಿಯಾರದಂತೆ ನಡೆಯುತ್ತಿದ್ದು ನಿಮಗೆ ಮಾತ್ರ ಉತ್ತರವಿಲ್ಲ ಎಂದರೆ ಹಣವಿದೆ, ಕೊಡುವ ಆತುರವಿಲ್ಲ. ಈ ಎರಡು ಮೌನಕ್ಕೆ ಔಷಧ ಒಂದೇ ಅಲ್ಲ. ಮೊದಲನೆಯದರಲ್ಲಿ ಬೇಗ ಓಡಬೇಕು, ಕಡಿಮೆ ಮೊತ್ತಕ್ಕಾದರೂ ಒಪ್ಪಿ ಈಗಲೇ ಪಡೆಯಬೇಕು. ಎರಡನೆಯದರಲ್ಲಿ ಒಂದು ರೂಪಾಯಿಯನ್ನೂ ಬಿಡದೆ ಕಾನೂನಿನ ದಾರಿ ಹಿಡಿಯಬಹುದು.

ಕಂಪನಿಯಾಗಿದ್ದರೆ ಇನ್ನೊಂದನ್ನು ಗಮನಿಸಿ: ದಿವಾಳಿ ಪ್ರಕ್ರಿಯೆ ಶುರುವಾಗಿದೆಯೇ? ಆಗಿದ್ದರೆ ಅಂದೇ ಸಂದೇಶ ನಿಲ್ಲಿಸಿ. ಆಗ ಹಳೆಯ ಬಾಕಿಗೆ ವಸೂಲಿ ಕ್ರಮಗಳ ಮೇಲೆ ತಡೆ ಇರುತ್ತದೆ, ಹಳೆಯ ಮ್ಯಾನೇಜರರು ಕೊಡಬೇಕೆಂದರೂ ಕೊಡಲಾರರು. ನಿಮ್ಮ ಬಾಕಿಯನ್ನು ಆಡಳಿತ ವಹಿಸಿಕೊಂಡ ವೃತ್ತಿಪರರ ಬಳಿ, ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿದ ದಿನದೊಳಗೆ, ಕ್ಲೇಮ್ ಆಗಿ ಸಲ್ಲಿಸಬೇಕು.

ಈ ಎರಡು ಪೋರ್ಟಲ್‌ಗಳಲ್ಲೂ ಕಾಣದ ಒಂದು ಮೌನವಿದೆ. ಬಾಕಿಯ ವಿಷಯಕ್ಕೆ ಮಾತ್ರ ಉತ್ತರವಿಲ್ಲ, ಆದರೆ "ಇನ್ನೊಂದು ಪ್ಯಾನೆಲ್ ಇದೆ, ಯಾವಾಗ ಬರ್ತೀರಾ?" ಎಂದು ಫೋನ್ ಬರುತ್ತದೆ. ಹೊಸ ಕೆಲಸದ ಆಸೆಗೆ ಹಳೆಯದನ್ನು ಕೇಳಲಾರರು ಎಂಬ ಲೆಕ್ಕ ಅದು. ಇಂಥ ಕಡೆ ಸಂದೇಶಕ್ಕಿಂತ ಬಲವಾದದ್ದು ನಿಮ್ಮ ಕೈಯಲ್ಲೇ ಇದೆ: ಹಳೆಯ ಬಾಕಿ ಬಂದ ಮೇಲೆ ಹೊಸ ಕೆಲಸ. ಯಂತ್ರ ನಿಂತಿರುವ ದಿನ ಅಕೌಂಟ್ಸ್ ಎಷ್ಟು ಚುರುಕಾಗುತ್ತದೆ ಎಂಬುದನ್ನು ನೋಡಿಯೇ ನಂಬಬೇಕು.

ನಿಮ್ಮ ಸಂದೇಶಕ್ಕೆ ಗಡಿಯಾರ ನಿಲ್ಲುವುದಿಲ್ಲ

ಇಲ್ಲಿ ತುಂಬ ಜನ ಎಡವುತ್ತಾರೆ. ಬಾಕಿ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಡಿ ಮೂರು ವರ್ಷ ಸಮಯ. "ನಾವು ಪ್ರತಿ ತಿಂಗಳೂ ಕೇಳುತ್ತಲೇ ಇದ್ದೆವಲ್ಲ" ಎಂದರೆ ಆ ಮೂರು ವರ್ಷ ಒಂದು ದಿನವೂ ಹಿಗ್ಗುವುದಿಲ್ಲ. ನೀವು ಕಳಿಸಿದ ನೂರು ನೆನಪೋಲೆಗೂ, ವಕೀಲರ ನೋಟಿಸ್‌ಗೂ ಆ ಶಕ್ತಿ ಇಲ್ಲ. ಗಡಿಯಾರವನ್ನು ಮತ್ತೆ ಸೊನ್ನೆಯಿಂದ ಶುರು ಮಾಡುವುದು ಅವರ ಕಡೆಯಿಂದ ಬಂದದ್ದು ಮಾತ್ರ: ಬಾಕಿ ಇದೆ ಎಂದು ಅವರು ಬರೆದು ಸಹಿ ಮಾಡಿದ ಒಪ್ಪಿಗೆ, ಅಥವಾ ಒಂದು ಭಾಗದ ಪಾವತಿ ಮತ್ತು ಅದಕ್ಕೆ ಅವರ ಬರಹದ ದಾಖಲೆ. ಎರಡೂ ಮೂರು ವರ್ಷ ಮುಗಿಯುವುದರೊಳಗೆ ಆಗಿರಬೇಕು.

ಎರಡನೆಯ ಸಂದೇಶದಲ್ಲಿ "ನಿಮ್ಮ ಲೆಕ್ಕದಲ್ಲೂ ಇಷ್ಟೇ ಇದೆಯೇ" ಎಂದು ಕೇಳಲು ಹೇಳಿದ್ದು ಇದಕ್ಕೆ. ಕಂಪನಿಯ ಇಮೇಲ್‌ನಿಂದ, ಹೆಸರು ಹುದ್ದೆ ಸಮೇತ, "ಹೌದು, 1,17,000 ಬಾಕಿ ಇದೆ" ಎಂದು ಬಂದರೆ ಅದನ್ನು ಪ್ರಿಂಟ್ ತೆಗೆದು ಫೈಲ್ ಮಾಡಿ. ಫೋನಿನಲ್ಲಿ "ಕೊಡ್ತೀವಿ ಸಾರ್, ಎಲ್ಲಿಗೆ ಹೋಗ್ತೀವಿ" ಎಂದದ್ದಕ್ಕೆ ಬೆಲೆ ಇಲ್ಲ. ಅದು ಬಾಗಿಲ ಮೇಲೆ ಬರೆದ "ನಾಳೆ ಬಾ" ಇದ್ದಂತೆ, ಎಂದು ಓದಿದರೂ ಅದೇ ಅರ್ಥ. ಕರೆ ಮುಗಿದ ಕೂಡಲೇ "ಈಗ ಮಾತಾಡಿದಂತೆ ಆಗಸ್ಟ್ 25ರ ಪೇಮೆಂಟ್‌ನಲ್ಲಿ 1,17,000 ಬಿಡುವುದಾಗಿ ಹೇಳಿದ್ದೀರಿ, ಸರಿ ಎಂದು ಖಚಿತಪಡಿಸಿ" ಎಂದು ಬರೆದು ಹಾಕಿ. ಅದಕ್ಕೆ ಉತ್ತರ ಬರುವುದೋ ಇಲ್ಲವೋ ಎಂಬುದೂ ಒಂದು ಓದು. ಬಾಯಲ್ಲಿ ಒಪ್ಪಿ ಬರಹದಲ್ಲಿ ಒಪ್ಪದವರು ಆ ತಾರೀಖಿಗೆ ಕೊಡುವುದು ಕಡಿಮೆ.

ಕೊನೆಯ ಸಂದೇಶ, ಆಮೇಲೆ

ಆಗಸ್ಟ್ 12. 26ಎಎಸ್‌ನಲ್ಲಿ ಟಿಡಿಎಸ್ ಕಂಡಿದೆ, ಜಿಎಸ್‌ಟಿ ರಿಟರ್ನ್‌ಗಳು ಸರಿಯಾಗಿವೆ. ಹಣವಿರುವ ಮೌನ ಎಂದು ತೀರ್ಮಾನಿಸಿದಿರಿ. ಈಗ ನಾಲ್ಕನೆಯದು, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ, ಕಂಪನಿಯ ನೋಂದಾಯಿತ ವಿಳಾಸಕ್ಕೆ:

"ಜೂನ್ 5ರ ಬಿಲ್ಲಿನ 1,17,000 ರೂಪಾಯಿ ಜುಲೈ 5ರಿಂದ ಬಾಕಿ ಇದೆ. ಈ ಬಿಲ್ಲಿಗೆ ನೀವು ಟಿಡಿಎಸ್ ಹಿಡಿದಿರುವುದು ನಮ್ಮ 26ಎಎಸ್‌ನಲ್ಲಿ ಕಾಣುತ್ತಿದೆ. ನಮ್ಮದು ಉದ್ಯಮ್ ನೋಂದಾಯಿತ ಸೂಕ್ಷ್ಮ ಘಟಕ. ಆಗಸ್ಟ್ 27ರೊಳಗೆ ಪಾವತಿಯಾಗದಿದ್ದರೆ ಆಗಸ್ಟ್ 28ರಂದು ಬಡ್ಡಿ ಸಮೇತ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸುತ್ತೇವೆ. ಇದಕ್ಕೆ ಮೊದಲು ಬೇರೆ ನೆನಪೋಲೆ ಕಳಿಸುವುದಿಲ್ಲ."

ಫೆಸಿಲಿಟೇಷನ್ ಕೌನ್ಸಿಲ್ ಎಂದರೆ ಸೂಕ್ಷ್ಮ, ಸಣ್ಣ ಘಟಕಗಳ ಬಾಕಿಯ ವ್ಯಾಜ್ಯ ಕೇಳಲು 2006ರ ಅದೇ ಕಾಯ್ದೆಯಡಿ ಇರುವ ಮಂಡಳಿ. ಬೈಗುಳ ಬೇಡ, ಮಾರುಕಟ್ಟೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅವರ ಹೆಸರು ಹಾಕುವುದಂತೂ ಬೇಡವೇ ಬೇಡ. ಮಾನನಷ್ಟದ ನೋಟಿಸ್ ಬಂದರೆ ಬಾಕಿಯ ಮಾತು ಬದಿಗೆ ಸರಿದು ನೀವೇ ಉತ್ತರ ಕೊಡುವ ಸ್ಥಾನಕ್ಕೆ ಬರುತ್ತೀರಿ. ಇನ್ನು, ಆಗಸ್ಟ್ 28ಕ್ಕೆ ಏನು ಮಾಡುತ್ತೇವೆಂದು ಬರೆದಿದ್ದೀರೋ ಅಂದು ಅದನ್ನು ಮಾಡಲೇಬೇಕು. 29ಕ್ಕೆ "ಸರ್, ಏನಾಯ್ತು?" ಎಂದು ಇನ್ನೊಂದು ಹಾಕಿದಿರೋ, ಮೊದಲಿನ ನಾಲ್ಕೂ ನೀರಿನಲ್ಲಿ ಹೋಮ.

ಬಡ್ಡಿಯ ಲೆಕ್ಕ ಹೀಗೆ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 5.5 ಇದ್ದರೆ ವರ್ಷಕ್ಕೆ ಶೇ. 16.5, ನಮ್ಮ ಮೊತ್ತಕ್ಕೆ ಮೊದಲ ತಿಂಗಳು ಸುಮಾರು 1,600 ರೂಪಾಯಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಕೌನ್ಸಿಲ್ ಮೊದಲು ರಾಜಿಗೆ ಕರೆಯುತ್ತದೆ, ಆಗದಿದ್ದರೆ ವಿಷಯ ಆರ್ಬಿಟ್ರೇಷನ್‌ಗೆ, ಅಂದರೆ ಎರಡೂ ಕಡೆ ಕೇಳಿ ತೀರ್ಪು ಕೊಡುವ ಹಂತಕ್ಕೆ ಹೋಗುತ್ತದೆ. ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರರು ಶೇ. 75ರಷ್ಟು ಮೊತ್ತ ಮೊದಲು ಠೇವಣಿ ಇಡಬೇಕು. ಪ್ರಕರಣ ಮುಗಿಸಲು ಕಾಯ್ದೆಯಲ್ಲಿ 90 ದಿನ ಎಂದಿದೆ, ಅಷ್ಟರಲ್ಲಿ ಮುಗಿಯುತ್ತದೆ ಎಂದು ನಂಬಿ ಯಾವ ಸಾಲದ ಕಂತನ್ನೂ ನಿಗದಿ ಮಾಡಿಕೊಳ್ಳಬೇಡಿ. ಅರ್ಜಿ ಹಾಕಿದ ಮೇಲೆ ನಿಮ್ಮ ಕೆಲಸ ಕರೆದಾಗ ಹೋಗುವುದು ಮಾತ್ರ.

ಸುಮ್ಮನಾದ ಮೇಲೆ ಅವರೇ ಮಾತಾಡುವ ಕಾಲ ಬರಬಹುದು, ಅವರ ಕ್ಯಾಲೆಂಡರ್ ಪ್ರಕಾರ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಅವರು ಪಡೆದ 18,000ದ ತೆರಿಗೆ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಮ್ಮ ಬಿಲ್ಲಿಗೆ ಅದು ಡಿಸೆಂಬರ್ 2. ಮತ್ತೆ ಮಾರ್ಚ್ 31: ಸೂಕ್ಷ್ಮ, ಸಣ್ಣ ಘಟಕಗಳಿಗೆ ಗಡುವು ಮೀರಿಯೂ ಕೊಡದೆ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸಲು ಬಿಡುವುದಿಲ್ಲ. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ ಈ ನಿಯಮವಿದೆ. ಆಗ ಬರುವ ಫೋನಿಗೆ ಸಿಟ್ಟಿನಿಂದ ಉತ್ತರಿಸಬೇಡಿ, ಖಾತೆ ಸಂಖ್ಯೆ ಕಳಿಸಿ. "ಎಪ್ಪತ್ತು ಸಾವಿರಕ್ಕೆ ಮುಗಿಸೋಣ" ಎಂದರೆ ಒಪ್ಪುವುದೋ ಬಿಡುವುದೋ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಂಡದ್ದರ ಮೇಲೆ ನಿಂತಿದೆ. ಒಪ್ಪಿದರೆ ಹಣ ಖಾತೆಗೆ ಬರುವ ಮೊದಲು "ಪೂರ್ಣ ಇತ್ಯರ್ಥ" ಎಂದು ಬರೆದುಕೊಡಬೇಡಿ.

ಈಗ ಕೌನ್ಸಿಲ್‌ಗೂ ಹೋಗದೆ ಪೂರ್ತಿ ಕೈಬಿಡುವುದು ಯಾವಾಗ? ಬಾಕಿ ಎಂಟು ಸಾವಿರ ಇದ್ದರೆ ಎರಡು ಸಂದೇಶ, ಒಂದು ಕರೆ, ಅಲ್ಲಿಗೆ ಮುಗಿಸಿ ಎನ್ನುತ್ತೇವೆ. ನಿಮ್ಮ ಒಂದು ದಿನದ ಕೆಲಸ ಬಿಟ್ಟು ಓಡಾಡಿದ ಖರ್ಚೇ ಅದನ್ನು ತಿಂದುಹಾಕುತ್ತದೆ. ಬಾಗಿಲು ಮುಚ್ಚಿ, ಜಿಎಸ್‌ಟಿ ರದ್ದಾಗಿ, ಹೆಸರಲ್ಲಿ ಆಸ್ತಿಯೂ ಇಲ್ಲದ ಮಾಲೀಕರ ವಿರುದ್ಧ ಗೆದ್ದ ತೀರ್ಪಿನಿಂದಲೂ ಏನೂ ಸಿಗದು. ಅಂಥದ್ದನ್ನು ವರ್ಷದ ಕೊನೆಗೆ ಲೆಕ್ಕಪುಸ್ತಕದಲ್ಲಿ ಬಾರದ ಸಾಲ ಎಂದು ಬರೆದುಹಾಕಿ. ಅದನ್ನು ಹಿಂದೆ ಆದಾಯವಾಗಿ ತೋರಿಸಿದ್ದರೆ ಬರೆದುಹಾಕಿದ ವರ್ಷ ಆದಾಯ ತೆರಿಗೆಯಲ್ಲಿ ಕಳೆಯಲು ಅವಕಾಶವಿದೆ. ಆದರೆ ಜುಲೈನಲ್ಲಿ ಕಟ್ಟಿದ ಆ 18,000 ಜಿಎಸ್‌ಟಿ ವಾಪಸ್ ಬರುವುದಿಲ್ಲ. ಗ್ರಾಹಕ ದುಡ್ಡು ಕೊಡಲಿಲ್ಲ ಎಂಬ ಕಾರಣಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಅದನ್ನು ಹಿಂಪಡೆಯಲು ಜಿಎಸ್‌ಟಿಯಲ್ಲಿ ದಾರಿಯಿಲ್ಲ. ಹೊಸ ಗ್ರಾಹಕರಿಂದ ಕನಿಷ್ಠ ತೆರಿಗೆಯಷ್ಟಾದರೂ ಮುಂಗಡ ಪಡೆಯಿರಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಸಭೆಯಿಂದ ಬಂದ ಒಂದು ಪ್ರಶ್ನೆ

"ನಾಲ್ಕೂವರೆ ಲಕ್ಷ ಬಾಕಿ, ಎರಡು ವರ್ಷ ಹತ್ತು ತಿಂಗಳಾಯಿತು. ಕೇಳುತ್ತಲೇ ಇದ್ದೇವೆ, ಉತ್ತರವಿಲ್ಲ. ಈಗ ಏನು ಮಾಡಬೇಕು?"

ಇನ್ನು ಒಂದು ಸಂದೇಶವನ್ನೂ ಕಳಿಸಬೇಡಿ. ಮೊದಲು ಹಳೆಯ ಫೈಲ್ ತೆಗೆದು ಒಂದು ಕಾಗದ ಹುಡುಕಿ. ವರ್ಷದ ಕೊನೆಗೆ ಆಡಿಟ್‌ಗಾಗಿ ಎಷ್ಟೋ ಕಂಪನಿಗಳು "ಮಾರ್ಚ್ 31ಕ್ಕೆ ನಿಮ್ಮ ಬಾಕಿ ಇಷ್ಟು, ದೃಢೀಕರಿಸಿ" ಎಂಬ ಪತ್ರ ಕಳಿಸುತ್ತವೆ. ನೀವು ಸಹಿ ಹಾಕಿ ಕಳಿಸಿ ಮರೆತಿರುತ್ತೀರಿ. ಅದರಲ್ಲಿ ಅವರ ಸಹಿಯೂ ಇದ್ದು ನಿಮ್ಮ ಬಾಕಿಯ ಮೊತ್ತ ಬರೆದಿದ್ದರೆ, ಮೂರು ವರ್ಷದ ಎಣಿಕೆ ಆ ಸಹಿಯ ದಿನದಿಂದ ಹೊಸದಾಗಿ ಶುರುವಾಗುತ್ತದೆ ಎಂದು ವಾದಿಸಬಹುದು. ಸಿಕ್ಕರೂ ಸಿಗದಿದ್ದರೂ ಈ ವಾರವೇ ವಕೀಲರನ್ನು ಕಾಣಿ. ಮೂರು ಲಕ್ಷ ಮೀರಿದ ವಾಣಿಜ್ಯ ವ್ಯಾಜ್ಯವಾದ್ದರಿಂದ, ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಅರ್ಜಿ ಹಾಕುವುದು ಕಡ್ಡಾಯ. ಆ ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಕಾಲಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅರ್ಜಿ ಮೂರು ವರ್ಷ ತುಂಬುವ ಮೊದಲು ಒಳಗೆ ಹೋಗಿರಬೇಕು, ಮತ್ತು ಆ ಮೂರು ವರ್ಷವನ್ನು ಸುರಕ್ಷತೆಗಾಗಿ ಗಡುವಿನ ದಿನದಿಂದಲ್ಲ, ಕೆಲಸ ಮುಗಿದ ದಿನದಿಂದಲೇ ಎಣಿಸಿಕೊಳ್ಳಿ.